ಇನ್ನೂ ಶುರುವಾಗದ ತಿಂಗಳುಗಳು

ದೀಪಾವಳಿಯಲ್ಲಿ ಪಕ್ಕದ ಬೀದಿಯ ಮಕ್ಕಳು ಪಟಾಕಿ ಹಚ್ಚಿದರೆ ನಾನು ಎಣಿಸತೊಡಗುತ್ತೇನೆ. ಎಣಿಸಬೇಕೆಂದು ಎಣಿಸುವುದಲ್ಲ, ಕಿವಿ ತಾನಾಗಿಯೇ ಎಣಿಸುತ್ತದೆ. ಸದ್ದು ನಿಂತ ಮೇಲೂ ಇನ್ನೊಂದು ಬರಬಹುದೆಂದು ಕುರ್ಚಿಯ ಕೈ ಹಿಡಿದು ಕೂತಿರುತ್ತೇನೆ. ಮನೆಯವರು ನಗುತ್ತಾರೆ. ಅವರಿಗೆ ಒಮ್ಮೆ ಕುರುಗೋಡಿನ ಕಾಲುವೆಯ ಸಂಗತಿ ಹೇಳಿದ್ದೆ, ಆದರೆ ನೋಟೀಸಿನಿಂದ ಆರಂಭಿಸಿ ಹೇಳಿರಲಿಲ್ಲ. ಅಲ್ಲಿಂದ ಹೇಳದಿದ್ದರೆ ಉಳಿದದ್ದು ಅರ್ಥವಾಗುವುದಿಲ್ಲ.

ಬಳ್ಳಾರಿ ಇನ್ನೂ ಮದ್ರಾಸಿಗೆ ಸೇರಿದ್ದ ಕೊನೆಯ ವರ್ಷಗಳು. ಬಿ.ಎ. ಮುಗಿಸಿ ಬಂದಿದ್ದ ನನಗೆ ಸರ್ಕಾರಿ ಕೆಲಸ ಸಿಕ್ಕಿರಲಿಲ್ಲ. ಬ್ರೂಸ್‌ಪೇಟೆಯ ಒಂದು ಬಟ್ಟೆ ಅಂಗಡಿಯ ಮಹಡಿಯ ಮೇಲೆ ನಡೆಯುತ್ತಿದ್ದ ಟ್ಯುಟೋರಿಯಲ್‌ನಲ್ಲಿ ಗಣಿತ ಹೇಳಿಕೊಡುತ್ತಿದ್ದೆ. ಎಸ್.ಎಸ್.ಎಲ್.ಸಿ.ಯಲ್ಲಿ ಒಮ್ಮೆ ಎಡವಿದವರೇ ಅಲ್ಲಿಗೆ ಬರುವವರು. ಜುಲೈಯಲ್ಲಿ ಸೇರಬೇಕು, ಫೆಬ್ರವರಿಯ ಕೊನೆಗೆ ಪಾಠ ಮುಗಿಯುತ್ತದೆ, ಮಾರ್ಚಿನಲ್ಲಿ ಪರೀಕ್ಷೆ. ತಿಂಗಳಿಗೆ ಆರು ರೂಪಾಯಿಯಂತೆ ಎಂಟು ತಿಂಗಳ ಶುಲ್ಕವನ್ನು ಸೇರುವಾಗಲೇ ಕಟ್ಟಬೇಕು. ನಡೆಸುತ್ತಿದ್ದವರು ನಿವೃತ್ತರಾಗಿದ್ದ ಒಬ್ಬ ಹೆಡ್‌ಮಾಸ್ಟರರು. ನಾವೆಲ್ಲ ಅವರನ್ನು ಪ್ರಿನ್ಸಿಪಾಲರು ಎನ್ನುತ್ತಿದ್ದೆವು. ಆ ಮಾತು ಕೇಳಿದರೆ ಅವರ ಬೆನ್ನು ನೆಟ್ಟಗಾಗುತ್ತಿತ್ತು.

ಆ ವರ್ಷ ತುಂಗಭದ್ರೆಯ ಅಣೆಕಟ್ಟಿನ ಕೆಲಸ ಭರದಿಂದ ಸಾಗಿತ್ತು. ಕುರುಗೋಡು, ಸಿರುಗುಪ್ಪಗಳ ಕಡೆ ಕಾಲುವೆ ಅಗೆಯುತ್ತಿದ್ದರು. ನಾಲ್ಕಕ್ಷರ ಬಲ್ಲವನಿಗೆ ಹಾಜರಿ ಬರೆಯುವ ಕೆಲಸ, ಸಾಮಾನು ಎಣಿಸುವ ಕೆಲಸ ಸುಲಭವಾಗಿ ಸಿಗುತ್ತಿತ್ತು. ನಮ್ಮ ಬೆಂಚುಗಳು ಒಂದೊಂದೇ ಖಾಲಿಯಾದವು. ಆಮೇಲೆ ಬಂದದ್ದು ಜಗಳ. ಬಿಟ್ಟುಹೋದ ಹುಡುಗರ ತಂದೆಯರು ಮಹಡಿಯ ಮೆಟ್ಟಿಲ ಮೇಲೆ ನಿಂತು ಕೂಗಾಡುತ್ತಿದ್ದರು. ರೂಪನಗುಡಿಯ ರೈತರೊಬ್ಬರು ಕೆಳಗಿನ ಅಂಗಡಿಗೆ ಸೀರೆ ಕೊಳ್ಳಲು ಬಂದವರಿಗೆಲ್ಲ ಕೇಳಿಸುವಂತೆ, "ಪಾಠ ಹೇಳಲಾರದ ತಿಂಗಳಿಗೂ ರೊಕ್ಕ ಇಟ್ಕೊಂತಾರಂತ ನೋಡ್ರಪ! ಉಣ್ಣಲಾರದ ಊಟಕ್ಕ ಬಿಲ್ಲು!" ಎಂದು ಅರ್ಧ ಗಂಟೆ ಭಾಷಣ ಮಾಡಿದರು. ಅಂಗಡಿಯ ಸಾಹುಕಾರರು ಮಹಡಿಗೆ ಬಂದು ಕೈಮುಗಿದರು.

ಪ್ರಿನ್ಸಿಪಾಲರು ನನ್ನನ್ನು ಕರೆದರು. "ನೋಡಪ್ಪ, ನೀ ಬಿ.ಎ. ಮಾಡಿದಾವ. ಓದಿದ ಕೂಡ್ಲೇ ತಿಳೀಬೇಕು, ಮತ್ತ ಕೇಳಾಕ ಯಾರೂ ಮ್ಯಾಲೆ ಹತ್ತಿ ಬರಬಾರ್ದು. ಹಂಗ ಒಂದು ನೋಟೀಸು ಬರಿ."

ಅವರು ನಿಯಮಗಳನ್ನು ಹೇಳಿದರು, ನಾನು ಬರೆದುಕೊಂಡೆ. ಸೇರುವಾಗ ಕೊಟ್ಟ ಎರಡು ರೂಪಾಯಿ ಪ್ರವೇಶ ಶುಲ್ಕ ವಾಪಸ್ಸಿಲ್ಲ. ನಡುವೆ ಬಿಡುವವನು ಬಿಡುಗಡೆ ಪತ್ರ ಕೊಡಬೇಕು, ಅದರಲ್ಲಿ ವಿದ್ಯಾರ್ಥಿಯ ಸಹಿ, ಪೋಷಕರ ಸಹಿ ಅಥವಾ ಹೆಬ್ಬೆಟ್ಟು ಎರಡೂ ಇರಬೇಕು. ಪತ್ರ ನಮ್ಮ ಕಚೇರಿಗೆ ಬಂದ ತಿಂಗಳು ಪೂರ್ತಿ ಮುಗಿದಂತೆಯೇ ಲೆಕ್ಕ, ಒಂದನೇ ತಾರೀಖು ಬಂದರೂ ಅಷ್ಟೆ, ಮೂವತ್ತಕ್ಕೆ ಬಂದರೂ ಅಷ್ಟೆ. ಅದರ ಮುಂದಿನ, ಇನ್ನೂ ಶುರುವಾಗದ ತಿಂಗಳುಗಳ ಶುಲ್ಕ ವಾಪಸ್ಸು. ಹಣ ಕಟ್ಟಿದವರು ರಸೀದಿ ತಂದರೆ ಅವರ ಕೈಗೇ ಕೊಡಲಾಗುವುದು.

"ಹುಡುಗ ಆಗಸ್ಟಿನಲ್ಲೇ ಬರೋದು ಬಿಟ್ಟು, ಪತ್ರ ಅಕ್ಟೋಬರಿನಲ್ಲಿ ಕೊಟ್ಟರೆ?" ಎಂದು ಕೇಳಿದೆ.

"ಪತ್ರ ಬಂದ ದಿನಾನೇ ಲೆಕ್ಕ. ಬರಲಾರದವ ಜ್ವರದಾಗ ಮಲಗ್ಯಾನೋ, ಬಿಟ್ಟಾನೋ ನನಗ ಹೆಂಗ ಗೊತ್ತಾಗಬೇಕು? ಅವನ ಜಾಗ ನಾ ಕಾಯ್ದಿಟ್ಟಿರತೀನಲ್ಲ."

"ಪತ್ರದ ಮೇಲೆ ಹಿಂದಿನ ತಾರೀಖು ಹಾಕ್ಕೊಂಡು ಬಂದರೆ?"

ಅವರು ಕನ್ನಡಕದ ಮೇಲಿಂದ ನೋಡಿದರು. "ವಕೀಲಿ ಓದಬೇಕಿತ್ತು ನೀನು. ಅವರು ಹಾಕಿದ ತಾರೀಖು ಬ್ಯಾಡ. ನಾವು ಕಚೇರಿ ಮೊಹರಿನ ಸಿಕ್ಕಾ ಒತ್ತಿದ ತಾರೀಖು ಅಂತ ಬರಿ."

ಬರೆದೆ. ಕೆಳಗೆ ಒಂದು ಉದಾಹರಣೆಯನ್ನೂ ಸೇರಿಸಿದೆ: ಅಕ್ಟೋಬರ್ ತಿಂಗಳಲ್ಲಿ ಪತ್ರ ತಲುಪಿದರೆ ಜುಲೈಯಿಂದ ಅಕ್ಟೋಬರ್‌ವರೆಗಿನ ನಾಲ್ಕು ತಿಂಗಳು ಕಳೆದು, ನವೆಂಬರಿನಿಂದ ಫೆಬ್ರವರಿವರೆಗಿನ ನಾಲ್ಕು ತಿಂಗಳ ಶುಲ್ಕ ಇಪ್ಪತ್ನಾಲ್ಕು ರೂಪಾಯಿ ವಾಪಸ್ಸು. ಅಚ್ಚು ಹಾಕಿಸಿ ಒಂದನ್ನು ಬಾಗಿಲಿಗೆ ಅಂಟಿಸಿ, ಉಳಿದವನ್ನು ಎಲ್ಲ ಪೋಷಕರಿಗೂ ಅಂಚೆಯಲ್ಲಿ ಕಳಿಸಿದೆವು. ಮೆಟ್ಟಿಲ ಮೇಲಿನ ಗಲಾಟೆ ನಿಂತಿತು. ಪ್ರಿನ್ಸಿಪಾಲರು ಸಾಹುಕಾರರಿಗೆ ಕೇಳಿಸುವಂತೆ, "ನಮ್ಮ ಮೇಷ್ಟ್ರು ಬರೆದ್ರ ಕೋರ್ಟಿನ್ಯಾಗೂ ನಿಲ್ತದ" ಎಂದರು.

ಅಕ್ಟೋಬರ್ ಮುಗಿಯುತ್ತ ಬಂದಿತ್ತು. ಒಂದು ದಿನ ಬೆಳಗಿನ ತರಗತಿಯ ನಡುವೆ ಒಬ್ಬ ಹೆಂಗಸು ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲಿ ನಿಂತಳು. ಹಣೆಯ ಮೇಲೆ ವಿಭೂತಿ, ಕೈಯಲ್ಲಿ ನಮ್ಮ ನೋಟೀಸು. ಬಸ್ಸಿನ ಧೂಳು ಇನ್ನೂ ಮುಖದ ಮೇಲಿತ್ತು. ನಮಸ್ಕಾರವಿಲ್ಲ, ಪೀಠಿಕೆಯಿಲ್ಲ.

"ನನ್ನ ಮಗ ಎಲ್ಲಿ ಹೋದನ್ರಿ?"

ಸಿರುಗುಪ್ಪದ ಬಸ್ಸು ನಿಲ್ಲುವ ಕಡೆ ಸಣ್ಣ ಖಾನಾವಳಿ ನಡೆಸುತ್ತಿದ್ದವಳು. ಗಂಡ ಗುಂತಕಲ್ಲಿನ ರೈಲ್ವೆಯಲ್ಲಿದ್ದು ತೀರಿಕೊಂಡಿದ್ದ. ಒಬ್ಬನೇ ಮಗ, ನಮ್ಮಲ್ಲಿ ಸೇರಿದ್ದ, ಬಳ್ಳಾರಿಯ ಒಂದು ಉಚಿತ ವಿದ್ಯಾರ್ಥಿನಿಲಯದಲ್ಲಿ ಉಳಿದಿದ್ದ. ಇಷ್ಟನ್ನು ಆಮೇಲೆ ತಿಳಿದೆ. ಆಗ ನನಗನಿಸಿದ್ದು, ಪಾಪ, ಏನೋ ತಪ್ಪು ತಿಳಿದುಕೊಂಡಿದ್ದಾಳೆ ಎಂದು.

"ಅಮ್ಮಾ, ಈ ಕಾಗದ ನಿಮಗೊಬ್ಬರಿಗೆ ಬಂದದ್ದಲ್ಲ. ಎಲ್ಲರಿಗೂ ಕಳಿಸಿದ್ದೇವೆ. ಯಾರಾದರೂ ಬಿಟ್ಟರೆ ಹೀಗೆ ಮಾಡಬೇಕು ಅಂತ ಮಾತ್ರ ಬರೆದಿದೆ. ನಿಮ್ಮ ಮಗ ಬಿಟ್ಟಿದ್ದಾನೆ ಅಂತ ಇಲ್ಲ."

"ಎಲ್ಲಾರಿಗೂ ಯಾಕ ಕಳಿಸ್ತಾರ? ಬಿಡಲಾರದವರಿಗೂ ಕಳಿಸ್ತಾರೇನು?" ಅವಳಿಗೆ ನಿಜವಾಗಿಯೂ ಆಶ್ಚರ್ಯ. "ಊಟಕ್ಕ ಬರೋ ಪೋಸ್ಟಮನ್ನು ಓದಿ ಹೇಳಿದ. ನಡುವ ಬಿಟ್ಟುಹೋದ ವಿದ್ಯಾರ್ಥಿ ಅಂದ ಕೂಡ್ಲೇ ನನ್ನ ಕೈಯಾನ ಸೌಟು ಬಿತ್ತು. ನಮ್ಮ ಮನೀಗೆ ಅಚ್ಚಿನ ಕಾಗದ ಬಂದಿದ್ದು ಒಂದ ಸಲ, ಅಯ್ಯೋರ. ನಮ್ಮ ಯಜಮಾನ್ರು ತೀರಿಕೊಂಡಾಗ ರೈಲ್ವೇದವರು ಕಳಿಸಿದ್ದು. ಅದರಾಗೂ ಹಿಂಗ, ರೊಕ್ಕ ಹೆಂಗ ತಗೋಬೇಕು, ಯಾವ ರಸೀದಿ ತರಬೇಕು ಅಂತ ಬರೆದಿದ್ರು. ಏನೂ ಆಗಲಾರದ ಇಂಥಾ ಕಾಗದ ಬರಂಗಿಲ್ಲ."

ನಾನು ನಗಲಿಲ್ಲ, ಆದರೆ ನನ್ನ ಮುಖದಲ್ಲಿ ಸಮಾಧಾನಪಡಿಸುವವರ ಮುಗುಳ್ನಗೆ ಇದ್ದೇ ಇತ್ತೆಂದು ತೋರುತ್ತದೆ. ಹಾಜರಿ ತೋರಿಸಿದರೆ ನಂಬಿಕೆ ಬರುತ್ತದೆಂದು ಪುಸ್ತಕ ತೆರೆದೆ. ಅವಳ ಮಗನ ಸಾಲಿನಲ್ಲಿ ಬೆರಳಾಡಿಸುತ್ತ ಹೋದೆ. ಅಕ್ಟೋಬರಿನ ಮೊದಲ ವಾರದಲ್ಲಿ ಬೆರಳು ನಿಂತಿತು. ಅಲ್ಲಿಂದ ಮುಂದೆ ಎಲ್ಲವೂ ಗೈರು.

ನಮ್ಮಲ್ಲಿ ಹೇಳದೆ ಕೇಳದೆ ವಾರಗಟ್ಟಲೆ ಬಾರದಿರುವವರು ಬಹಳ. ಯಾರೂ ವಿಚಾರಿಸುವ ಪದ್ಧತಿಯೂ ಇರಲಿಲ್ಲ. ಬೇರೆ ಯಾವ ಪೋಷಕರೂ ಆ ನೋಟೀಸನ್ನು ತಮ್ಮ ಮನೆಯ ಸುದ್ದಿಯೆಂದು ಓದಿರಲಿಲ್ಲ. ಇವಳೊಬ್ಬಳು ಹಾಗೆ ತಪ್ಪಾಗಿ ಓದಿಸಿಕೊಂಡು, ಇದ್ದದ್ದನ್ನು ಇದ್ದ ಹಾಗೆ ತಿಳಿದುಕೊಂಡಿದ್ದಳು. ಇದು ಹೇಗೆ ಸಾಧ್ಯ ಎಂದು ನಾನು ಇಂದಿಗೂ ಯೋಚಿಸುವುದುಂಟು.

ಹಿಂದಿನ ಬೆಂಚಿನ ಒಬ್ಬ ಹುಡುಗ ತಲೆ ತಗ್ಗಿಸಿ ಹೇಳಿದ. "ಅವ ಕುರುಗೋಡ ಕಡೆ ಕಾಲುವಿ ಕೆಲಸಕ್ಕ ಹೋಗ್ಯಾನ್ರಿ, ಸಾರ್. ಬಂಡಿ ಒಡಿಯೋ ಗ್ಯಾಂಗಿನ್ಯಾಗ." ಬಂಡೆಗೆ ಮದ್ದಿಟ್ಟು ಸಿಡಿಸುವ ತಂಡ.

ಪ್ರಿನ್ಸಿಪಾಲರು ಅವಳನ್ನು ಕುರ್ಚಿಯ ಮೇಲೆ ಕೂರಿಸಿ, ನೀರು ಕೊಡಿಸಿ, ವಿಷಯವನ್ನು ಬಿಡಿಸಿ ಹೇಳಿದರು. "ನೋಡವ್ವ, ತಿಂಗಳು ಮುಗಿಯಾಕ ಇನ್ನೂ ಎರಡು ದಿನ ಐತಿ. ಅಷ್ಟರಾಗ ಅವನ ಸಹಿ, ನಿನ್ನ ಹೆಬ್ಬೆಟ್ಟು ಇರೋ ಪತ್ರ ತಂದ್ರ ನಾಕು ತಿಂಗಳದ್ದು ಬರ್ತದ. ಒಂದನೇ ತಾರೀಖು ಬಂತಂದ್ರ ನವೆಂಬರದ್ದು ಹೋತು, ಮೂರು ತಿಂಗಳದ್ದ ಸಿಗೋದು."

"ಅವ ತಿರುಗಿ ಬರ್ತೀನಿ ಅಂದ್ರ?"

"ಪತ್ರ ಕೊಡದಿದ್ರ ಅವನ ಜಾಗ ಹಂಗ ಇರ್ತದ. ಬಂದು ಕೂಡಬಹುದು."

"ಅಂದ್ರ ಅವ ಬರಬೇಕು, ಇಲ್ಲಾ ರೊಕ್ಕ ಬರಬೇಕು."

"ಅಷ್ಟ."

ಅವಳು ಸೆರಗಿನ ಗಂಟು ಬಿಚ್ಚಿ ರಸೀದಿ ಇದೆಯೇ ಎಂದು ನೋಡಿ ಮತ್ತೆ ಕಟ್ಟಿದಳು. ಯಾವುದು ಬೇಕೆಂದು ಹೇಳಲಿಲ್ಲ. ಪ್ರಿನ್ಸಿಪಾಲರು ನನ್ನತ್ತ ತಿರುಗಿ, "ನೀನೂ ಹೋಗಿ ಬಾರಪ್ಪ. ಆಯಮ್ಮಗ ಓದಾಕ ಬರಂಗಿಲ್ಲ. ಪತ್ರ ಸರಿಯಾಗಿ ಬರೆಸ್ಕೊಂಡು ಬಾ" ಎಂದರು. ಹೋಗಲು ನನಗೂ ಮನಸ್ಸಿತ್ತು. ಆ ಹುಡುಗ ದಡ್ಡನೇನಲ್ಲ. ರೇಖಾಗಣಿತದಲ್ಲಿ ಒಂದು ಪ್ರಮೇಯ ಹಿಡಿದರೆ ಬಿಡುತ್ತಿರಲಿಲ್ಲ, ಬೀಜಗಣಿತ ಬಂದರೆ ಮಾತ್ರ ಕಲ್ಲಾಗಿ ಕೂರುತ್ತಿದ್ದ. ಏಕೆ ಹೋದನೆಂದು ತಿಳಿಯಬೇಕಿತ್ತು.

ಮರುದಿನ ಬೆಳಗಿನ ಬಸ್ಸಿಗೆ ಹೊರಟೆವು. ಹತ್ತಿ, ಜೋಳದ ಕಪ್ಪು ನೆಲ ಮುಗಿದು ಕುರುಗೋಡಿನ ಬೆಟ್ಟಗಳು ಕಾಣುವವರೆಗೂ ಅವಳು ಪ್ರಶ್ನೆ ಕೇಳುತ್ತಲೇ ಇದ್ದಳು. ಎಲ್ಲವೂ ನೋಟೀಸಿನ ಬಗ್ಗೆಯೇ.

"ತಿಂಗಳು ಶುರುವಾದ ಮ್ಯಾಲೆ ಒಂದ ದಿನ ಆದ್ರೂ ಪೂರಾ ಹೋತೇನ್ರಿ?"

"ಹೋಯಿತು."

"ಈ ತಿಂಗಳು ಬಿಡಲಾರದ, ಬರೋ ತಿಂಗಳು ಬಿಟ್ರ?"

"ಆಗ ಉಳಿದ ಮೂರು ತಿಂಗಳದ್ದು ಬರುತ್ತದೆ."

"ಅದರ ಮುಂದಿನ ತಿಂಗಳು?"

"ಎರಡರದ್ದು. ಜನವರಿಯಲ್ಲಿ ಬಿಟ್ಟರೆ ಒಂದರದ್ದು. ಫೆಬ್ರವರಿ ಶುರುವಾದರೆ ಏನೂ ಇಲ್ಲ."

"ಕರಗಿಕೊಂತ ಹೋಗತದಂದ್ರಿ. ಬೆಲ್ಲದ ಗಟ್ಟಿ ಇದ್ದಂಗ." ಕೈಯಲ್ಲಿದ್ದ ನೋಟೀಸನ್ನು ಮಡಿಸುತ್ತ, "ನಮ್ಮಲ್ಲೂ ತಿಂಗಳಾ ಊಟಕ್ಕ ಬರೋರು ಅದಾರ. ನಡುವ ಬಿಟ್ಟು ಹೋದ್ರ ನಾ ಉಂಡ ಊಟಾನ ಎಣಿಸ್ತೀನಿ. ನಿಮ್ಮದು ನನ್ನದಕ್ಕಿಂತ ಬಿಗಿ ಐತಿ" ಎಂದಳು. ಪಕ್ಕದಲ್ಲಿ ಕೂತಿದ್ದ ಒಬ್ಬ ಮುದುಕ ನಕ್ಕ. ನನಗೂ ನಗು ಬಂತು. ಆ ಪ್ರಯಾಣವನ್ನು ನೆನೆದಾಗ ಇಬ್ಬರೂ ಎಷ್ಟು ನಿಶ್ಚಿಂತೆಯಿಂದ ಇದ್ದೆವೆಂದು ಆಶ್ಚರ್ಯವಾಗುತ್ತದೆ.

ಊರಿನಿಂದ ಕಾಲುವೆಗೆ ನಡೆದು ಹೋಗಬೇಕಿತ್ತು. ತಲುಪಿದಾಗ ಬಿಸಿಲು ನೆತ್ತಿಗೆ ಬಂದಿತ್ತು. ಬೆಟ್ಟದ ಬುಡದಲ್ಲಿ ಬಂಡೆಯನ್ನು ಸೀಳಿಕೊಂಡು ಒಂದು ದೊಡ್ಡ ಅಗಳು ಸಾಗಿತ್ತು. ಕೆಲಸಗಾರರೆಲ್ಲ ಊಟಕ್ಕೆ ಮೇಲೆ ಬಂದು ದೂರದಲ್ಲಿ ಕೂತಿದ್ದರು. ಅಗಳಿನ ಈ ತುದಿಯಲ್ಲಿ ಕೆಂಪು ಬಾವುಟ ಹಿಡಿದ ಒಬ್ಬ ವಯಸ್ಸಾದ ಒಡ್ಡರವನು ನಮ್ಮನ್ನು ತಡೆದು, ಒಡೆದ ಕಲ್ಲಿನ ರಾಶಿಯ ಹಿಂದೆ ಕೂರಿಸಿದ.

"ಮದ್ದು ಹಚ್ಯಾರ. ಕುಂದರ್ರಿ."

ಅವಳು ಮಗನ ಗುರುತು ಹೇಳಿದಳು. ಮುದುಕ ತಲೆಯಾಡಿಸಿದ. "ಬರಿಯಾಕ ಬರ್ತದಲ್ಲ, ಆ ಹುಡುಗನ? ಅಕಾ, ಅಲ್ಲಿ." ಅಗಳಿನ ಆಚೆ ತುದಿಯಲ್ಲಿ ಇನ್ನೊಂದು ಕೆಂಪು ಬಾವುಟ, ಅದರ ಪಕ್ಕದಲ್ಲಿ ಕಾಗದ ಹಿಡಿದ ಒಂದು ಆಕೃತಿ. ನಾನು ಕುತೂಹಲದಿಂದ, ಅವನಿಗೇನು ಕೆಲಸ ಎಂದು ಕೇಳಿದೆ. ಮುದುಕ ಹೇಳಿದ: ಬಂಡೆಗೆ ಕೊರೆದ ತೂತುಗಳಲ್ಲಿ ಮದ್ದು ತುಂಬಿ ಬತ್ತಿ ಇಡುತ್ತಾರೆ. ಎಲ್ಲವೂ ಒಟ್ಟಿಗೆ ಸಿಡಿಯದಂತೆ ಬತ್ತಿಗಳನ್ನು ಒಂದಕ್ಕಿಂತ ಒಂದು ಉದ್ದ ಬಿಟ್ಟಿರುತ್ತಾರೆ. ಎಷ್ಟು ತೂತು ತುಂಬಿತೆಂದು ಆ ಹುಡುಗ ಬರೆದುಕೊಳ್ಳುತ್ತಾನೆ, ಒಂದೊಂದು ಸದ್ದಿಗೂ ಒಂದೊಂದು ಗೀಟು ಎಳೆಯುತ್ತಾನೆ. ಗೀಟೂ ತೂತೂ ಸರಿಹೋದರೆ ಬಾವುಟ ಇಳಿಸುತ್ತಾರೆ.

"ಸರಿಹೋಗದಿದ್ದರೆ?"

"ಕುಂದರಬೇಕು. ಬತ್ತಿ ಒಳಗ ಮೆಲ್ಲಗ ಉರೀತಿರಬಹುದು. ಬಾಳ ಹೊತ್ತು ಕುಂದರಬೇಕು."

ಸದ್ದು ಆರಂಭವಾಯಿತು. ಮೊದಲನೆಯದಕ್ಕೇ ನೆಲ ಕಾಲಡಿಯಲ್ಲಿ ಎದ್ದು ಕೂತ ಹಾಗಾಯಿತು. ಆಮೇಲೆ ಒಂದರ ಹಿಂದೆ ಒಂದು. ಮುದುಕ ಬೆರಳುಗಳ ಗೆಣ್ಣಿನ ಮೇಲೆ ಎಣಿಸುತ್ತಿದ್ದ. ನಾನೂ ಎಣಿಸತೊಡಗಿ ನಡುವೆ ತಪ್ಪಿದೆ. ಪುಡಿಕಲ್ಲು ನಮ್ಮ ರಾಶಿಯ ಮೇಲೆ ಮಳೆಹನಿಯಂತೆ ಬಿದ್ದವು. ಕೊನೆಗೆ ಎಲ್ಲ ನಿಂತಿತು. ಬೆಟ್ಟದ ಕಡೆಯಿಂದ ಪ್ರತಿಧ್ವನಿ ಬಂದು ಅದೂ ನಿಂತಿತು. ಧೂಳು ತೆಳುವಾಗಿ ಆಚೆ ತುದಿ ಕಂಡಿತು.

ಅವಳು ಎದ್ದಳು. ಸದ್ದು ಮುಗಿದರೆ ಕೆಲಸ ಮುಗಿಯಿತೆಂದೇ ಅವಳ ಲೆಕ್ಕ. ರಾಶಿಯನ್ನು ಬಳಸಿ ಅಗಳಿಗೆ ಇಳಿದೇಬಿಟ್ಟಳು. ಮಗನನ್ನು ಸೇರಲು ಅದೇ ನೇರ ದಾರಿ.

"ಒಕಟಿ ಉಂದಿ!" ಮುದುಕ ತೆಲುಗಿನಲ್ಲಿ ಕೂಗಿದ. ಇನ್ನೊಂದು ಉಳಿದಿದೆ. "ಆಗಮ್ಮಾ! ಏ ಯವ್ವಾ, ನಿಂದ್ರು!"

ನಾನು ಏಳಲು ಹೋದೆ. ಅವನು ಒಂದು ಕೈಯಿಂದ ನನ್ನ ಅಂಗಿಯ ಬೆನ್ನು ಹಿಡಿದು ಕೂರಿಸಿದ. ಆ ಹಿಡಿತ ಇಂದಿಗೂ ನನ್ನ ಬೆನ್ನ ಮೇಲಿದೆ. ಅವಳಿಗೆ ಅವನ ಕೂಗು ಕೇಳಿಸಲೇ ಇಲ್ಲವೇನೋ, ಅವಳ ಕಿವಿಯೆಲ್ಲ ಆಚೆ ತುದಿಯಲ್ಲಿತ್ತು. ಅಲ್ಲಿಂದ ಮಗ ಎರಡೂ ಕೈಯೆತ್ತಿ ಅರಚುತ್ತಿದ್ದ.

"ಬರಬ್ಯಾಡವ್ವಾ! ಹಿಂದಕ ಹೋಗು! ಬರಬ್ಯಾಡ!"

ಅವಳು ಒಂದು ಗಳಿಗೆ ನಿಂತಳು. ಆಮೇಲೆ ಸೆರಗು ಬಿಗಿದು ಇನ್ನೂ ಬಿರುಸಾಗಿ ನಡೆದಳು. ಯಾಕೆಂದು ಆಮೇಲೆ ಅವಳೇ ಹೇಳಿದಳು. ಹೇಳದೆ ಓಡಿಬಂದ ಮಗ ತಾಯಿಯನ್ನು ಕಂಡು ಬರಬೇಡ ಎಂದರೆ ತಾಯಿಯಾದವಳು ಏನೆಂದುಕೊಳ್ಳಬೇಕು? ಮುಖ ತೋರಿಸಲು ನಾಚಿಕೆ ಅವನಿಗೆ, ಎಂದುಕೊಂಡಳಂತೆ. ಸಿಟ್ಟೂ ಬಂದಿತ್ತಂತೆ. "ಬರಬ್ಯಾಡ ಅಂದ್ರ ಬಿಟ್ಟೇನಾ ಭಾಡ್ಯಾ" ಎಂದುಕೊಂಡೇ ಹೆಜ್ಜೆ ಹಾಕಿದ್ದಳಂತೆ.

ಮಗ ಕಾಗದ ಎಸೆದ. ಅಗಳಿಗೆ ಹಾರಿ, ಕಲ್ಲುಗಳ ಮೇಲೆ ಬೀಳುತ್ತ ಏಳುತ್ತ ಅವಳತ್ತ ಓಡಿದ. ಎಷ್ಟು ತೂತು ತುಂಬಿದೆ ಎಂದು ಬರೆದವನೇ ಅವನು, ಯಾವುದು ಉಳಿದಿದೆಯೆಂದೂ ಅವನಿಗೆ ಗೊತ್ತಿರಬೇಕು. ನೇರವಾಗಿ ಓಡದೆ ಎಡಗಡೆಗೆ ಬಳಸಿ ಓಡಿದ. ಅಗಳಿನ ನಡುವೆ ಎತ್ತಿ ಒಟ್ಟಿದ್ದ ಕಲ್ಲುಗಳ ಒಂದು ಗೋಡೆಯಿತ್ತು. ಅವಳ ತೋಳು ಹಿಡಿದು ಅದರ ಹಿಂದಕ್ಕೆ ಎಳೆದದ್ದನ್ನು ನೋಡಿದೆ. ಅವಳು ಅವನ ಕಪಾಳಕ್ಕೆ ಹೊಡೆಯಲು ಕೈಯೆತ್ತಿದ್ದನ್ನೂ ನೋಡಿದೆ.

ಆಗ ಉಳಿದದ್ದು ಸಿಡಿಯಿತು.

ನನ್ನ ನೆನಪಿನಲ್ಲಿ ಇಲ್ಲಿ ಸದ್ದಿಲ್ಲ. ನೆಲದಿಂದ ಒಂದು ಬೂದು ಮರ ಎದ್ದ ಹಾಗೆ ಧೂಳು ಎದ್ದಿತು, ಅಷ್ಟೆ. ಎಮ್ಮೆಯ ತಲೆಯಷ್ಟು ದೊಡ್ಡ ಕಲ್ಲೊಂದು ಆಕಾಶದಲ್ಲಿ ನಿಧಾನವಾಗಿ ಹೊರಳುತ್ತ ಹೋಗಿ, ಅವಳು ನಡೆದುಹೋಗುತ್ತಿದ್ದ ದಾರಿಯ ಮೇಲೆ ಬಿತ್ತು. ನಾನು ಅದನ್ನು ಸಾವಿರ ಸಲ ಬೀಳಿಸಿ ನೋಡಿದ್ದೇನೆ. ಮಗ ಒಂದು ಮಾತು ಹೆಚ್ಚು ಕೂಗಿ, ಒಂದು ಗಳಿಗೆ ತಡವಾಗಿ ಇಳಿದಿದ್ದರೆ? ಅವಳು ಅವನ ಮಾತು ಕೇಳಿ, ನಿಂತಲ್ಲೇ ನಿಂತಿದ್ದರೆ? ಆಗಲೂ ಕಲ್ಲು ಅವಳಿಗೆ ಹತ್ತಿರವೇ ಬೀಳುತ್ತಿತ್ತು. ಬಿರುಸಾಗಿ ನಡೆದದ್ದರಿಂದಲೇ ಅವನ ಕೈಗೆ ಬೇಗ ಸಿಕ್ಕಳೇ? ಎಷ್ಟು ಸಲ ಬಿಡಿಸಿದರೂ ಈ ಲೆಕ್ಕಕ್ಕೆ ಒಂದೇ ಉತ್ತರ ಬರುವುದಿಲ್ಲ.

ಧೂಳಿನೊಳಗಿಂದ ಮೊದಲು ಬಂದದ್ದು ಅವಳ ಧ್ವನಿ. ಕಿವಿ ಮಂದವಾದವರು ಮಾತಾಡುವ ಹಾಗೆ ಜೋರಾಗಿ ಬೈಯುತ್ತಿದ್ದಳು. "ಸಾಯಾಕ ಬಂದಿಯೇನ್ಲೇ ಇಲ್ಲಿ? ಸಾಯಾಕ ಬಂದಿಯೇನು?"

ಮುದುಕ ನನ್ನ ಅಂಗಿ ಬಿಟ್ಟ. ಗೆಣ್ಣಿನ ಮೇಲಿದ್ದ ಹೆಬ್ಬೆರಳನ್ನು ಒಂದು ಗೆಣ್ಣು ಮುಂದೆ ಸರಿಸಿ, "ಸರಿಹೋತು" ಎಂದು ಬಾವುಟ ಇಳಿಸಿದ.

ಮಗನ ಭುಜಕ್ಕೆ ಒಂದು ಕಲ್ಲುಚೂರು ಬಡಿದು ರಕ್ತ ಬಂದಿತ್ತು. ಅವಳ ಸೀರೆ ಹರಿದಿತ್ತು, ಮುಖದ ವಿಭೂತಿಯ ಮೇಲೆ ಬಂಡೆಯ ಬೂದಿ ಕೂತಿತ್ತು. ನೆರಳಿರುವ ಕಡೆ ಇಬ್ಬರನ್ನೂ ಕೂರಿಸಿದರು. ಕೆಲಸಗಾರ ಹೆಂಗಸರು ಸುತ್ತ ನಿಂತು, "ಏನು ಎದಿಗಾರ್ತಿ ಯವ್ವ ನೀನು, ಮದ್ದಿಗೇ ಎದುರು ನಡದಿ" ಎಂದು ನಗುತ್ತ ಅಳುತ್ತ ನೀರು ಕೊಟ್ಟರು. ಅವಳು ಒಂದು ಕೈಯಲ್ಲಿ ನೀರು ಕುಡಿದಳು, ಇನ್ನೊಂದರಲ್ಲಿ ಗಟ್ಟಿಯಾಗಿ ಹಿಡಿದ ಮಗನ ತೋಳನ್ನು ಬಿಡಲಿಲ್ಲ.

"ಯಾಕ ಬಿಟ್ಟಿ, ಹೇಳು."

"ನನಗ ಹತ್ತಂಗಿಲ್ಲವ್ವ. ಆ ಎಕ್ಸು ವೈ ಬಂತಂದ್ರ ತಲಿ ಗಿಂವ್ ಅಂತದ. ಮತ್ತ ಫೇಲಾದ್ರ ನಿನ್ನ ರೊಕ್ಕ ಪೂರಾ ಹೋಗತಿತ್ತು. ಇಲ್ಲಿ ದುಡಿದು ಅಷ್ಟೂ ತಿರುಗಿ ಕೊಟ್ಟು ಹೇಳೋಣ ಅಂತ ಇದ್ದೆ." ನನ್ನ ಕಡೆ ನೋಡಲಿಲ್ಲ. "ಕಟ್ಟಿದ್ದು ತಿರುಗಿ ಬರಂಗಿಲ್ಲ ಅಂದಿದ್ರು, ಸಾರ್, ನಾ ಹೋಗೋವಾಗ."

ನೋಟೀಸು ಅಚ್ಚಾದದ್ದು ಅವನು ಹೋದ ಮೇಲೆ. ಅವನಿಗೆ ಗೊತ್ತೇ ಇರಲಿಲ್ಲ. ನಾನು ಚೀಲದಿಂದ ತೆಗೆದು ಕೊಟ್ಟೆ. ಅವನು ಓದಿದ. ಉದಾಹರಣೆಯನ್ನು ಎರಡು ಸಲ ಓದಿದ.

"ನಾಳೆ ಕೊಟ್ರ ನಾಕು ತಿಂಗಳದ್ದು ಬರ್ತದವ್ವ! ಬರೀರಿ ಸಾರ್, ಈಗ ಸಹಿ ಹಾಕ್ತೀನಿ. ಖಾನಾವಳಿ ಮ್ಯಾಲಿನ ತಗಡು ಬದಲಿ ಮಾಡಿಸು."

"ಮತ್ತ ನೀನು?"

"ನಾ ಇಲ್ಲೇ ಇರ್ತೀನಿ."

ಅವಳು ಅಗಳಿನಲ್ಲಿ ಬಿದ್ದಿದ್ದ ಆ ದೊಡ್ಡ ಕಲ್ಲನ್ನು ನೋಡಿದಳು. ನಾನು ಬರೆಯದೆ ಕಾದೆ. ಈಗ ಅಳುತ್ತಾಳೆ, ಇಲ್ಲವೆ ಕೈಹಿಡಿದು ಎಳೆದುಕೊಂಡು ಹೋಗುತ್ತಾಳೆ ಎಂದುಕೊಂಡಿದ್ದೆ.

"ಅಯ್ಯೋರ, ಪತ್ರ ಬರೀರಿ," ಎಂದಳು. "ಇಬ್ರೂ ಸಹಿ ಹಾಕ್ತೀವಿ. ತಾರೀಖು ಹಾಕಬ್ಯಾಡ್ರಿ. ನಿಮ್ಮ ಕಾಗದದಾಗ, ನೀವು ಸಿಕ್ಕಾ ಒತ್ತಿದ ದಿನಾನ ಲೆಕ್ಕ ಅಂತ ಐತೋ ಇಲ್ಲೋ?"

"ಇದೆ."

"ಪತ್ರ ನನ್ನ ಹತ್ರ ಇರ್ತದ. ಇವ ನಾಳೆ ಸಾಲಿಗೆ ಬಂದು ಕೂಡ್ಲಿ." ಮಗನ ಕಡೆ ತಿರುಗಿದಳು. "ಉಳಿದ ನಾಕು ತಿಂಗಳೂ ಕೂಡು ಅನ್ನಂಗಿಲ್ಲ ನಾ. ಒಂದ ತಿಂಗಳು ಕೂಡು. ತಿಂಗಳ ಕೊನೀಗೆ ನಾ ಬಂದು ಕೇಳ್ತೀನಿ. ಆಗೂ ಹತ್ತಂಗಿಲ್ಲ ಅಂದಿ ಅಂದ್ರ ಅವತ್ತ ಪತ್ರ ಕೊಟ್ಟು ಉಳಿದ ತಿಂಗಳದ್ದು ತಗೊಂಡು ಹೋಗೋಣು. ಆದ್ರ ಮದ್ದಿನ ಕೆಲಸ ಬ್ಯಾಡ. ಬ್ಯಾರೆ ಏನರ ಮಾಡು, ನನ್ನ ಸೌಟು ಹಿಡಿ."

ಮಗ ಏನೋ ಹೇಳಹೋದ. ಮುದುಕ ಒಡ್ಡರವನು ಬೀಡಿ ಹಚ್ಚುತ್ತ, "ಹೋಗಲೇ. ನಿಮ್ಮವ್ವ ಕೇಳಾಕ ಇಲ್ಲಿಗೇ ಬಂದ್ರ ನಮಗ ಬಾವುಟ ಹಿಡಿಯೋದು ಆಗಂಗಿಲ್ಲ" ಎಂದ. ಎಲ್ಲರೂ ನಕ್ಕರು. ನಾನು ಪತ್ರ ಬರೆದೆ, ಮಗ ಸಹಿ ಹಾಕಿದ. ಅವಳು ಮಸಿಯಿಲ್ಲದೆ ಒಲೆಯ ಕರಿಯಲ್ಲಿ ಹೆಬ್ಬೆಟ್ಟು ಒತ್ತಿದಳು.

ನಾನು ಬರೆದ ನೋಟೀಸನ್ನು ನಾನು ಆ ದಿನದವರೆಗೂ ಬಿಡುವವರಿಗಾಗಿ ಬರೆದದ್ದೆಂದೇ ತಿಳಿದಿದ್ದೆ. ಉಳಿಯುವವನೂ ಅದನ್ನು ತಿಂಗಳು ತಿಂಗಳು ಹಿಡಿದುಕೊಂಡು ಉಳಿಯಬಹುದೆಂದು ನನಗೆ ಹೊಳೆದಿರಲಿಲ್ಲ. ಪ್ರಿನ್ಸಿಪಾಲರಿಗೆ ಹೇಳಿದಾಗ ಅವರು ನೋಟೀಸನ್ನು ಮತ್ತೊಮ್ಮೆ ಓದಿ, ತಡೆಯಲು ಯಾವ ನಿಯಮವೂ ಇಲ್ಲವೆಂದು ಕಂಡು, "ಆಯಮ್ಮನ್ನ ನಮ್ಮ ಕಚೇರಿಗೆ ತಗೋಬೇಕು ನೋಡಪ್ಪ" ಎಂದರು.

ನವೆಂಬರಿನಲ್ಲಿ ನಾನು ಆ ಹುಡುಗನಿಗೆ ಬೀಜಗಣಿತವನ್ನು ಬೇರೆ ರೀತಿಯಲ್ಲಿ ಹೇಳಿಕೊಡಲು ನೋಡಿದೆ. ತುಂಬಿದ ತೂತು ಎಕ್ಸ್ ಎಂದಿಟ್ಟುಕೋ, ಕೇಳಿದ ಸದ್ದು ಇಷ್ಟು, ಉಳಿದದ್ದು ಒಂದು, ಎಂದೆ. ಅವನು ಪೆನ್ಸಿಲು ಹಿಡಿದ. ನನಗೇ ಮುಂದೆ ಹೇಳಲಾಗಲಿಲ್ಲ. ಅವನು ನನ್ನ ಮುಖ ನೋಡಿ, "ಬ್ಯಾರೆ ಲೆಕ್ಕ ಕೊಡ್ರಿ ಸಾರ್, ಊಟದ್ದು ಕೊಡ್ರಿ" ಎಂದ. ಖಾನಾವಳಿಯ ಊಟಗಳಲ್ಲೇ ಸಮೀಕರಣಗಳನ್ನು ಮಾಡಿದೆವು.

ತಿಂಗಳ ಕೊನೆಗೆ ಅವಳು ಸಿರುಗುಪ್ಪದಿಂದ ಬಂದಳು. ಸೆರಗಿನ ಗಂಟಿನಲ್ಲಿ ಪತ್ರ, ಕೈಯಲ್ಲಿ ಬಾಳೆಲೆಯಲ್ಲಿ ಕಟ್ಟಿದ ರೊಟ್ಟಿ, ಶೇಂಗಾ ಚಟ್ನಿ. ಬಾಗಿಲ ಬಳಿಯೇ ಮಗನನ್ನು ಕರೆದಳು.

"ಹೋಗತೀಯೋ, ಕೂಡತೀಯೋ?"

"ಇನ್ನೊಂದು ತಿಂಗಳು ನೋಡ್ತೀನಿ."

"ಆತು." ಗಂಟು ಬಿಗಿದುಕೊಂಡು ಮಧ್ಯಾಹ್ನದ ಬಸ್ಸಿಗೆ ಹೊರಟುಹೋದಳು. ಡಿಸೆಂಬರಿನ ಕೊನೆಗೂ ಹಾಗೆಯೇ. ಆ ಸಲ ಅವನು ಉತ್ತರಿಸಲು ತಡ ಮಾಡಿದ. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಅಂಕ ಕಡಿಮೆ ಬಂದಿತ್ತು. ಇಡೀ ತರಗತಿ ಪುಸ್ತಕ ಬಿಟ್ಟು ನೋಡುತ್ತಿತ್ತು, ನಾನೂ. ಅವಳು ಒತ್ತಾಯಿಸಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಗಂಟಿನ ಮೇಲೆ ಕೈಯಿಟ್ಟು ನಿಂತಿದ್ದಳು. ಕೊನೆಗೆ ಅವನು, "ಕೂಡ್ತೀನಿ" ಎಂದು ಹೇಳಿ ಬೆಂಚಿಗೆ ಹಿಂದಿರುಗಿದ.

ಜನವರಿಯ ಕೊನೆಗೆ ಕೇಳಿದಾಗ ಅವನು ತಲೆ ಎತ್ತದೆ, "ಕುಂತೀನಲ್ಲವ್ವ, ಲೆಕ್ಕ ಮಾಡಾಕ ಬಿಡು" ಎಂದ. ಆ ದಿನ ಅವಳು ಊರಿಗೆ ಹೋಗದೆ ಬಳ್ಳಾರಿಯಲ್ಲೇ ಪರಿಚಯದವರ ಮನೆಯಲ್ಲಿ ಉಳಿದು, ಮರುದಿನ, ಫೆಬ್ರವರಿಯ ಮೊದಲ ದಿನ, ಮತ್ತೆ ಬಂದಳು. ಗಂಟು ಬಿಚ್ಚಿ ಪತ್ರವನ್ನು ನನ್ನ ಮೇಜಿನ ಮೇಲಿಟ್ಟಳು. ಮಡಿಕೆಗಳಲ್ಲಿ ಕಾಗದ ಸವೆದಿತ್ತು. ಕರಿಯ ಹೆಬ್ಬೆಟ್ಟು ಮಸುಕಾಗಿತ್ತು.

"ಇವತ್ತು ಇದನ್ನ ಕೊಟ್ರ ಏನ್ ಬರ್ತದ್ರಿ?"

"ಏನೂ ಬರುವುದಿಲ್ಲಮ್ಮ. ಎಲ್ಲ ತಿಂಗಳುಗಳೂ ಶುರುವಾಗಿ ಹೋದವು."

"ಹಂಗಾರ ಇದು ಬರೀ ಕಾಗದ."

"ಬರೀ ಕಾಗದ."

ಅವಳು ನಕ್ಕಳು. ಕಾಲುವೆಯ ಬಳಿ ಆ ದಿನ ಮಂದವಾದ ಎಡಗಿವಿ ಪೂರ್ತಿ ಸರಿಹೋಗಿರಲಿಲ್ಲ, ಬಲಗಿವಿಯನ್ನು ನನ್ನ ಕಡೆ ತಿರುಗಿಸಿಕೊಂಡೇ ಕೇಳುತ್ತಿದ್ದಳು. ಮಗ ಎದ್ದು ಬಂದು ಪತ್ರವನ್ನು ತೆಗೆದುಕೊಂಡ. ಹಿಂದೆ ಮುಂದೆ ತಿರುಗಿಸಿ ನೋಡಿದ. ಆಮೇಲೆ ತನ್ನ ಜಾಗಕ್ಕೆ ಹೋಗಿ, ಖಾಲಿಯಿದ್ದ ಹಿಂಬದಿಯ ಮೇಲೆ, ನಾನು ಹಲಗೆಯ ಮೇಲೆ ಬರೆದಿದ್ದ ಲೆಕ್ಕವನ್ನು ಮಾಡತೊಡಗಿದ.